ಅಂಕಿ ಒಂದು ಹೇಳಿದರೆ ಕಂಬ ಇನ್ನೊಂದು ಹೇಳುತ್ತದೆ: ತಿದ್ದಿದ ನಕ್ಷೆಯನ್ನು ಮೂಲದೊಂದಿಗೆ ತಾಳೆ ನೋಡುವುದು

ಸ್ತಂಭನಕ್ಷೆ ಒಂದೇ ಮಾತನ್ನು ಎರಡು ಸಲ ಹೇಳುತ್ತದೆ. ಒಮ್ಮೆ ಕಂಬದ ತಲೆಯ ಮೇಲೆ ಬರೆದ ಅಂಕಿಯಾಗಿ, ಇನ್ನೊಮ್ಮೆ ಕಂಬದ ಎತ್ತರವಾಗಿ. ತಿದ್ದುವವರು ಇವೆರಡರಲ್ಲಿ ಒಂದಕ್ಕೆ ಮಾತ್ರ ಕೈ ಹಾಕಿದ್ದರೆ ಇನ್ನೊಂದು ಸಾಕ್ಷಿ ನುಡಿಯುತ್ತದೆ. ಎರಡನ್ನೂ ತಿದ್ದಿದ್ದರೆ ಚಿತ್ರದೊಳಗಿನ ಸಾಕ್ಷಿ ಸತ್ತಂತೆಯೇ. ಆಗ ಉಳಿಯುವುದು ಮೂಲ ದತ್ತಾಂಶ ಒಂದೇ. ಈ ಎರಡು ಹಂತಗಳನ್ನು ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ನೋಡೋಣ.

ಉದಾಹರಣೆಗೆ ನಾನು ಆರಿಸಿಕೊಂಡದ್ದು ಹವಾಯಿಯ ಮೌನಾ ಲೋವಾ ವೀಕ್ಷಣಾಲಯದ ಇಂಗಾಲದ ಡೈಆಕ್ಸೈಡ್ ಅಳತೆ. 1958ರಲ್ಲಿ ಅಲ್ಲಿ ಅಳತೆ ಶುರುವಾಯಿತು. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ ವಾರ್ಷಿಕ ಸರಾಸರಿಗಳನ್ನು `co2_annmean_mlo.txt` ಎಂಬ ಸರಳ ಪಠ್ಯ ಕಡತದಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಯಾರು ಬೇಕಾದರೂ ತೆರೆದು ಓದಬಹುದಾದ ಕಡತವಾದ್ದರಿಂದ ಇದು ನಮ್ಮ ಕೆಲಸಕ್ಕೆ ತಕ್ಕದ್ದು. ವಾತಾವರಣದ ಹತ್ತು ಲಕ್ಷ ಅಣುಗಳಲ್ಲಿ ಈ ಅನಿಲದ ಅಣುಗಳು ಎಷ್ಟು ಎಂಬುದನ್ನು ಪಿಪಿಎಂ ಎಂಬ ಮಾನದಲ್ಲಿ ಹೇಳುತ್ತಾರೆ. 2020ರಿಂದ 2024ರವರೆಗಿನ ಅಂಕಿಗಳು ಕ್ರಮವಾಗಿ 414.21, 416.41, 418.53, 421.08 ಮತ್ತು 424.61.

ಈ ಐದು ಅಂಕಿಗಳಿಗೆ ಐದು ಕಂಬಗಳ ನಕ್ಷೆ ಬರೆದೆ. ಎಡಗಡೆಯ ಅಕ್ಷ 400ರಿಂದ 430ರವರೆಗೆ, ಐದೈದಕ್ಕೆ ಒಂದು ಅಡ್ಡಗೆರೆ. ಆಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆದು, 2024ರ ಕಂಬದ ಮೇಲಿದ್ದ 424.61 ಎಂಬುದನ್ನು 420.61 ಎಂದು ತಿದ್ದಿದೆ. ಒಂದೇ ಒಂದು ಅಂಕೆಯ ಬದಲಾವಣೆ. ಆದರೆ ನಕ್ಷೆಯ ಅರ್ಥವೇ ತಲೆಕೆಳಗಾಯಿತು. ಏರುತ್ತಲೇ ಇದ್ದದ್ದು 2024ರಲ್ಲಿ ಇಳಿಯಿತು ಎಂದು ಅದು ಈಗ ಹೇಳುತ್ತದೆ.

ಮೊದಲು ಕಂಬವನ್ನು ಕೇಳಬೇಕು. ಯಾವುದೇ ಸಾಮಾನ್ಯ ಚಿತ್ರ ಸಂಪಾದಕದಲ್ಲಿ ಚಿತ್ರವನ್ನು ತೆರೆದು ಮೌಸ್ ಆಡಿಸಿದರೆ, ಅದು ನಿಂತ ಜಾಗ ಮೇಲಿನಿಂದ ಎಷ್ಟನೆಯ ಪಿಕ್ಸೆಲ್ ಎಂಬುದು ಮೂಲೆಯಲ್ಲಿ ಕಾಣುತ್ತದೆ. ನನ್ನ ಚಿತ್ರದಲ್ಲಿ 400ರ ಗೆರೆ 640ನೆಯ ಪಿಕ್ಸೆಲ್‌ನಲ್ಲಿದೆ, 430ರ ಗೆರೆ 100ನೆಯದರಲ್ಲಿದೆ. ಅಂದರೆ 30 ಪಿಪಿಎಂಗೆ 540 ಪಿಕ್ಸೆಲ್, ಒಂದು ಪಿಪಿಎಂಗೆ 18 ಪಿಕ್ಸೆಲ್. 2024ರ ಕಂಬದ ತಲೆ 197ನೆಯ ಪಿಕ್ಸೆಲ್‌ನಲ್ಲಿದೆ. ಲೆಕ್ಕ ಇಷ್ಟೇ:

```
400 + (640 - 197) × 30 / 540 = 424.61
```

ಕಂಬ 424.61 ಎನ್ನುತ್ತದೆ, ಅದರ ತಲೆಯ ಮೇಲಿನ ಬರಹ 420.61 ಎನ್ನುತ್ತದೆ. ವ್ಯತ್ಯಾಸ 72 ಪಿಕ್ಸೆಲ್‌ಗಳಷ್ಟು. ಇದು ಅಳತೆಯ ತಪ್ಪಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ಬೇರೆ ಕಂಬಗಳನ್ನೂ ಅಳೆಯಬೇಕು. 2021ರ ಕಂಬದ ತಲೆ 345ರಲ್ಲಿದೆ. ಅದೇ ಸೂತ್ರ ಅನ್ವಯಿಸಿದರೆ 416.39 ಬರುತ್ತದೆ, ಬರಹ 416.41 ಎನ್ನುತ್ತದೆ. ಈ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ 0.06 ಪಿಪಿಎಂನಷ್ಟು, ಹಾಗಾಗಿ ಎರಡನೆಯ ದಶಮಾಂಶ ಸ್ಥಾನವನ್ನು ಇದರಿಂದ ಪರೀಕ್ಷಿಸಲು ಆಗುವುದಿಲ್ಲ. ನಾಲ್ಕು ಕಂಬಗಳು ತಮ್ಮ ಬರಹಕ್ಕೆ ಒಂದು ಪಿಕ್ಸೆಲ್ ಆಚೀಚೆ ಹೊಂದಿ, ಒಂದೇ ಒಂದು ಕಂಬ 72 ಪಿಕ್ಸೆಲ್ ತಪ್ಪಿದರೆ ಮಾತ್ರ ಆ ಒಂದರ ಮೇಲೆ ಬೆರಳು ತೋರಿಸಬಹುದು. ಎಲ್ಲ ಕಂಬಗಳೂ ಒಂದೇ ರೀತಿಯಲ್ಲಿ ತಪ್ಪುತ್ತಿದ್ದರೆ ತಪ್ಪಿರುವುದು ಬಹುಶಃ ನಾವು. ಅಕ್ಷವನ್ನು ತಪ್ಪಾಗಿ ಓದಿರಬಹುದು, ಅದು ಪ್ರತಿ ಹೆಜ್ಜೆಗೂ ಅಂಕಿ ಇಷ್ಟು ಪಟ್ಟು ಎಂದು ಹೆಚ್ಚುತ್ತ ಹೋಗುವ ಲಾಗರಿತಮಿಕ್ ಅಕ್ಷವಾಗಿರಬಹುದು, ಅಥವಾ ಪರದೆಯ ಮುಂದೆ ಓರೆಯಾಗಿ ಮೊಬೈಲ್ ಹಿಡಿದು ತೆಗೆದ ಫೋಟೊ ಆಗಿರಬಹುದು. ಓರೆ ಫೋಟೊದಲ್ಲಿ ಪಿಕ್ಸೆಲ್ ಲೆಕ್ಕ ನಡೆಯುವುದಿಲ್ಲ. ಚಿತ್ರ ಕುಗ್ಗಿಸಿದ್ದು ಅಥವಾ ಹಿಗ್ಗಿಸಿದ್ದು ಮಾತ್ರ ತೊಂದರೆ ಕೊಡುವುದಿಲ್ಲ, ಏಕೆಂದರೆ ಗೆರೆಗಳೂ ಕಂಬಗಳೂ ಜೊತೆಯಲ್ಲೇ ಕುಗ್ಗುತ್ತವೆ. ಕಂಬಗಳು ಹತ್ತಾರಿದ್ದರೆ ವೆಬ್‌ಪ್ಲಾಟ್‌ಡಿಜಿಟೈಸರ್ ಎಂಬ ಸಾಧನ ಇದೇ ಲೆಕ್ಕವನ್ನು ಬೇಗ ಮಾಡಿಕೊಡುತ್ತದೆ.

ಅಕ್ಷವನ್ನೇ ಕತ್ತರಿಸಿ ಹಂಚಿದ್ದರೆ? ಇಲ್ಲಿ ತಿಳಿದಿರಬೇಕಾದ ಒಂದು ಸೂಕ್ಷ್ಮ ಇದೆ. 2014ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಫಾಕ್ಸ್ ನ್ಯೂಸ್ ವಾಹಿನಿ ಆರೋಗ್ಯ ವಿಮೆಯ ನೋಂದಣಿ ಕುರಿತು ಎರಡು ಕಂಬಗಳ ನಕ್ಷೆ ತೋರಿಸಿತು. ಒಂದರ ಮೇಲೆ 60,00,000, ಇನ್ನೊಂದರ ಮೇಲೆ 70,66,000. ಮೊದಲನೆಯದು ಎರಡನೆಯದರ ಶೇ 85ರಷ್ಟಿರಬೇಕಿತ್ತು. ಪರದೆಯ ಮೇಲೆ ಅದು ಸುಮಾರು ಮೂರನೆಯ ಒಂದರಷ್ಟು ಮಾತ್ರ ಎತ್ತರವಿತ್ತು. ಅಂಕಿಗಳು ಸರಿ, ಕಂಬಗಳು ತಪ್ಪು. ಅಕ್ಷ ಇರಲೇ ಇಲ್ಲ. ಟೀಕೆ ಬಂದ ಮೇಲೆ ವಾಹಿನಿ ಸರಿಪಡಿಸಿದ ನಕ್ಷೆ ತೋರಿಸಿತು. ಆ ಮೊದಲ ನಕ್ಷೆಯನ್ನು ನೋಡಿ, ಕಂಬವನ್ನು ಅಳತೆ ಮೀರಿ ಬರೆದಿದ್ದಾರೆ ಎನ್ನಬಹುದೇ? ಕಟ್ಟುನಿಟ್ಟಾಗಿ ಹೇಳುವುದಾದರೆ ಆಗದು. ಅಕ್ಷ ಸುಮಾರು 54.7 ಲಕ್ಷದಿಂದ ಶುರುವಾಗುತ್ತದೆ ಎಂದುಕೊಂಡರೆ ಅದೇ ಎತ್ತರಗಳು ಲೆಕ್ಕಕ್ಕೆ ಸರಿಯಾಗಿ ಹೊಂದುತ್ತವೆ. ದೊಡ್ಡ ಅಂಕಿಗೆ ದೊಡ್ಡ ಕಂಬ ಇರುವ ತನಕ, ಎರಡೇ ಕಂಬಗಳಿರುವ ಯಾವ ನಕ್ಷೆಗೂ ಹೀಗೊಂದು ಆರಂಭದ ಅಂಕಿಯನ್ನು ಹುಡುಕಿಕೊಡಬಹುದು. ನೋಡುವವರನ್ನು ದಾರಿ ತಪ್ಪಿಸಿತು ಎನ್ನಲು ಅಡ್ಡಿಯಿಲ್ಲ. ಆದರೆ ಅಳತೆಯನ್ನೇ ಬಿಟ್ಟು ಬರೆದರು ಎನ್ನಲು ಚಿತ್ರದೊಳಗೆ ಆಧಾರ ಸಾಲದು.

ಮೂರನೆಯ ಕಂಬ ಬಂದ ಕೂಡಲೇ ಪರಿಸ್ಥಿತಿ ಬದಲಾಗುತ್ತದೆ. ಅಕ್ಷ ಎಲ್ಲಿಂದಲೇ ಶುರುವಾಗಲಿ, ಕಂಬಗಳ ತಲೆಗಳ ನಡುವಿನ ಅಂತರವು ಅಂಕಿಗಳ ನಡುವಿನ ಅಂತರಕ್ಕೆ ಒಂದೇ ಪ್ರಮಾಣದಲ್ಲಿರಬೇಕು. ನನ್ನ ನಕ್ಷೆಯಲ್ಲಿ 2022ರಿಂದ 2023ಕ್ಕೆ 2.55 ಪಿಪಿಎಂ ಏರಿಕೆ, 46 ಪಿಕ್ಸೆಲ್ ಎತ್ತರ. ಪಿಪಿಎಂ ಒಂದಕ್ಕೆ 18. ತಿದ್ದಿದ ಬರಹವನ್ನು ನಂಬಿದರೆ 2023ರಿಂದ 2024ಕ್ಕೆ 0.47ರಷ್ಟು ಇಳಿಕೆ ಆಗಿರಬೇಕು, ಕಂಬ 8 ಪಿಕ್ಸೆಲ್ ತಗ್ಗಬೇಕು. ಕಂಬವೋ 64 ಪಿಕ್ಸೆಲ್ ಮೇಲೇರಿ ನಿಂತಿದೆ. ಎಡಗಡೆಯ ಅಕ್ಷವನ್ನು ಪೂರ್ತಿ ಕತ್ತರಿಸಿ ಕಳಿಸಿದ್ದರೂ ಈ ವಿರೋಧವನ್ನು ಮುಚ್ಚಿಡಲು ಆಗುತ್ತಿರಲಿಲ್ಲ.

ಅಂಕಿಯನ್ನು ತಿದ್ದಿ ಕಂಬವನ್ನು ಮರೆಯುವುದಕ್ಕೆ ಒಂದು ಕಾರಣ ತಿದ್ದುವ ವಿಧಾನದಲ್ಲೇ ಇದೆ. ನಕ್ಷೆ ಜಾಲಪುಟದಲ್ಲಿದ್ದರೆ ಅದನ್ನು ತಿದ್ದಲು ಚಿತ್ರ ಸಂಪಾದಕವೇ ಬೇಡ. ಬ್ರೌಸರ್‌ನಲ್ಲಿ ಅಂಕಿಯ ಮೇಲೆ ಬಲಕ್ಲಿಕ್ ಮಾಡಿ, ಪುಟದ ಒಳರಚನೆಯನ್ನು ತೋರಿಸುವ ಕಿಟಕಿ ತೆರೆದು, 4 ಇದ್ದಲ್ಲಿ 0 ಬರೆದರಾಯಿತು. ಅದು ಆ ವ್ಯಕ್ತಿಯ ಪರದೆಯಲ್ಲಿ ಮಾತ್ರ ಬದಲಾಗುತ್ತದೆ, ಸ್ಕ್ರೀನ್‌ಶಾಟ್ ತೆಗೆಯಲು ಅಷ್ಟು ಸಾಕು. ಆದರೆ ಬರಹ ಬದಲಾದರೂ ಕಂಬ ತಾನಾಗಿ ಕುಗ್ಗುವುದಿಲ್ಲ, ಏಕೆಂದರೆ ಪುಟದಲ್ಲಿ ಅದು ಬೇರೆಯೇ ಒಂದು ಆಕೃತಿ.

ಈ ವಿಧಾನದ ಇನ್ನೊಂದು ಪರಿಣಾಮವನ್ನು ನಾನು ಒತ್ತಿ ಹೇಳಬೇಕು. ಅಕ್ಷರಗಳ ಆಕಾರ, ಬಣ್ಣ, ಅಂಚುಗಳ ಮಸುಕು ಇವನ್ನು ದಿಟ್ಟಿಸಿ ನೋಡಿ ತಿದ್ದುಪಡಿಯನ್ನು ಪತ್ತೆ ಹಚ್ಚಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬ್ರೌಸರ್‌ನಲ್ಲಿ ತಿದ್ದಿದ ಅಂಕಿಯನ್ನು ಅದೇ ಬ್ರೌಸರ್ ಅದೇ ಅಕ್ಷರ ವಿನ್ಯಾಸದಲ್ಲಿ ಬರೆದುಕೊಡುತ್ತದೆ. ಅಲ್ಲಿ ಹೊಲಿಗೆಯ ಗುರುತೇ ಇರುವುದಿಲ್ಲ. ಮೇಲಾಗಿ ಮೆಸೇಜ್ ಆಪ್‌ಗಳು ಚಿತ್ರವನ್ನು ಮತ್ತೆ ಮತ್ತೆ ಹಿಂಡಿ ಕಳಿಸುವುದರಿಂದ ನಿಜವಾದ ಚಿತ್ರಗಳ ಅಕ್ಷರಗಳ ಸುತ್ತಲೂ ಕಲೆಗಳು ಮೂಡುತ್ತವೆ. ಮಸುಕು ಕಂಡರೆ ನಕಲಿ, ನಯವಾಗಿದ್ದರೆ ಅಸಲಿ ಎಂದು ತೀರ್ಮಾನಿಸಿದವರು ಎರಡೂ ಕಡೆ ತಪ್ಪುತ್ತಾರೆ. ಒಳ್ಳೆಯ ಉದ್ದೇಶದಿಂದಲೇ ಹೀಗೆ ಮಾಡಿ ನಿಜವಾದ ನಕ್ಷೆಯೊಂದನ್ನು ಸುಳ್ಳೆಂದು ಸಾರಿದರೆ ಆಗುವ ನಷ್ಟ ಸಣ್ಣದಲ್ಲ.

ಈಗ ಕಷ್ಟದ ಹಂತಕ್ಕೆ ಬರೋಣ. ಅದೇ ನಕ್ಷೆಯ ಎರಡನೆಯ ಪ್ರತಿಯಲ್ಲಿ ಅಂಕಿಯ ಜೊತೆಗೆ ಕಂಬವನ್ನೂ ತಿದ್ದಿದೆ. ಕಂಬದ ತಲೆಯನ್ನು 197ರಿಂದ 269ಕ್ಕೆ ಇಳಿಸಿ, ಬಿಟ್ಟ ಜಾಗಕ್ಕೆ ಹಿನ್ನೆಲೆಯ ಬಣ್ಣ ತುಂಬಿದೆ. ಈಗ ಸೂತ್ರ ಹಾಕಿದರೆ 420.61 ಎಂದೇ ಬರುತ್ತದೆ. ಇಂಥ ಕಡೆ ಅಡ್ಡಗೆರೆಗಳು ಗುಟ್ಟು ಬಿಡುವುದುಂಟು. ಕಂಬ ಕತ್ತರಿಸಿದ ಜಾಗದಲ್ಲಿ ಗೆರೆ ಮುಂದುವರಿಯಬೇಕು, ಬಣ್ಣ ತುಂಬಿದವರು ಅದನ್ನು ಅಳಿಸಿಬಿಟ್ಟಿರುತ್ತಾರೆ. ಆದರೆ ಈ ಚಿತ್ರದಲ್ಲಿ 425ರ ಗೆರೆ 190ರಲ್ಲಿದೆ, 420ರದ್ದು 280ರಲ್ಲಿದೆ. ನಾನು ಬಣ್ಣ ತುಂಬಿದ ಪಟ್ಟಿ ಎರಡರ ನಡುವೆ, ಯಾವುದನ್ನೂ ಮುಟ್ಟದೆ ಬಿದ್ದಿದೆ. ಚಿತ್ರದೊಳಗೆ ಹಿಡಿಯಲು ಏನೂ ಉಳಿದಿಲ್ಲ.

ಆಗ ಮೂಲಕ್ಕೆ ಹೋಗಬೇಕು. ನಕ್ಷೆಯ ಶೀರ್ಷಿಕೆ, ಮಾನ, ಕೆಳಗೆ ಸಣ್ಣಕ್ಷರದಲ್ಲಿರುವ ಆಕರದ ಸಾಲು ಇವುಗಳಿಂದ ಮೂಲದ ಹೆಸರು ಸಿಗುತ್ತದೆ. ಆಕರದ ಸಾಲನ್ನು ಕತ್ತರಿಸಿದ್ದರೆ ಶೀರ್ಷಿಕೆಯ ಪದಗಳನ್ನು ಹಾಗೆಯೇ ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಬೇಕು. ಹುಡುಕಿದಾಗ ಮೊದಲು ಕಾಣುವುದು ಇನ್ನೊಂದು ಚಿತ್ರ, ಯಾರೋ ಮರುಬರೆದ ನಕ್ಷೆ, ಅಥವಾ ಸುದ್ದಿಯ ಸಾರಾಂಶ. ಅಲ್ಲಿ ನಿಲ್ಲಬಾರದು. ಚಿತ್ರಕ್ಕೆ ಚಿತ್ರವನ್ನು ಹೋಲಿಸಿದರೆ ಯಾವುದು ಮೊದಲಿನದು ಎಂಬ ಜಗಳವಷ್ಟೇ ಉಳಿಯುತ್ತದೆ. ಅಳೆದವರೇ ಪ್ರಕಟಿಸಿದ ಕಡತದ ತನಕ ಹೋಗಬೇಕು. ನಮ್ಮ ಉದಾಹರಣೆಯಲ್ಲಿ ಕಡತದ ಎರಡು ಸಾಲುಗಳು ಹೀಗಿವೆ:

```
2023   421.08   0.12
2024   424.61   0.12
```

ಮೂರನೆಯ ಅಂಕಣ ಅಳತೆಯ ಅನಿಶ್ಚಿತತೆ. 420.61ಕ್ಕೂ 424.61ಕ್ಕೂ ನಡುವೆ 4 ಪಿಪಿಎಂ ಅಂತರವಿದೆ, ಅನಿಶ್ಚಿತತೆ 0.12 ಮಾತ್ರ. ಇಷ್ಟು ದೊಡ್ಡ ಅಂತರವನ್ನು ಅಳತೆಯ ಏರುಪೇರಿನ ಲೆಕ್ಕಕ್ಕೆ ಹಾಕಲು ಬರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ತಾಳೆಯೂ ಇದೆ, ನನಗೆ ಇದು ತುಂಬ ಇಷ್ಟ. ಅದೇ ಸಂಸ್ಥೆ ತಿಂಗಳವಾರು ಸರಾಸರಿಗಳನ್ನು `co2_mm_mlo.txt` ಎಂಬ ಬೇರೆ ಕಡತದಲ್ಲಿ ಕೊಡುತ್ತದೆ. ಉತ್ತರಾರ್ಧಗೋಳದ ಗಿಡಮರಗಳು ಬೇಸಿಗೆಯಲ್ಲಿ ಈ ಅನಿಲವನ್ನು ಹೀರಿಕೊಳ್ಳುವುದರಿಂದ ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಪ್ರಮಾಣ ತಳ ಮುಟ್ಟಿ ಮತ್ತೆ ಏರುತ್ತದೆ. 2024ರಲ್ಲಿ ಆ ತಳ 422.03. ವರ್ಷದ ಅತಿ ಕಡಿಮೆ ತಿಂಗಳೇ 422.03 ಆಗಿರುವಾಗ ವರ್ಷದ ಸರಾಸರಿ 420.61 ಆಗಲು ಸಾಧ್ಯವೇ ಇಲ್ಲ. ಹನ್ನೆರಡೂ ತಿಂಗಳನ್ನು ಕೂಡಿ ಹನ್ನೆರಡರಿಂದ ಭಾಗಿಸಿದರೆ 424.61 ಸಿಗುತ್ತದೆ. ಒಂದು ಅಂಕಿಯನ್ನು ತಿದ್ದಿದವರು ಅದು ಯಾವ ಹನ್ನೆರಡು ಅಂಕಿಗಳಿಂದ ಹುಟ್ಟಿತೋ ಅವನ್ನೂ ತಿದ್ದಿರುವುದಿಲ್ಲ. ಸಂಸ್ಥೆಯ ಕಡತದಲ್ಲಿರುವ ಆ ಹನ್ನೆರಡಕ್ಕೆ ಅವರ ಕೈ ಎಟುಕುವುದೂ ಇಲ್ಲ.

ಕೋಷ್ಟಕದ ಸ್ಕ್ರೀನ್‌ಶಾಟ್‌ಗಳಲ್ಲಿ ಇದೇ ತರ್ಕ ಇನ್ನೂ ಸುಲಭವಾಗಿ ಕೆಲಸ ಮಾಡುತ್ತದೆ. ಒಂದು ಮನೆಯ ಅಂಕಿ ಬದಲಾದರೆ ಆ ಸಾಲಿನ ಮೊತ್ತ, ಆ ಅಂಕಣದ ಮೊತ್ತ, ಶೇಕಡಾವಾರು ಎಲ್ಲವೂ ಬದಲಾಗಬೇಕು. ಕೂಡಿಸಿ ನೋಡಿದರೆ ಒಂದು ಸಾಲೂ ಒಂದು ಅಂಕಣವೂ ತಪ್ಪುತ್ತವೆ, ಅವೆರಡು ಕೂಡುವ ಮನೆಯೇ ಕೈಯಾಡಿಸಿದ ಜಾಗ. ಎರಡರಲ್ಲೂ ತಪ್ಪು ಒಂದೇ ಮೊತ್ತದ್ದಾಗಿದ್ದರೆ ಸಂಶಯಕ್ಕೆ ಹೆಚ್ಚು ಎಡೆಯಿಲ್ಲ. ಒಂದು ದಶಮಾಂಶ ಸ್ಥಾನಕ್ಕೆ ತರುವಾಗ ಶೇಕಡಾವಾರುಗಳ ಮೊತ್ತ 99.9 ಅಥವಾ 100.1 ಆಗುವುದು ಸಹಜ, ಅದನ್ನು ಹಿಡಿದುಕೊಂಡು ಗಲಾಟೆ ಮಾಡಬಾರದು. ಇನ್ನೊಂದು ಬಲೆಯಲ್ಲಿ ಬೀಳುವವರನ್ನು ನಾನು ನೋಡಿದ್ದೇನೆ. ಮೌನಾ ಲೋವಾದ ವಾರ್ಷಿಕ ಏರಿಕೆ ದರದ ಕೋಷ್ಟಕವನ್ನು ತೆರೆದು, ಎರಡು ವರ್ಷಗಳ ಸರಾಸರಿಗಳನ್ನು ಕಳೆದು, ಉತ್ತರ ಹೊಂದುತ್ತಿಲ್ಲವೆಂದು ಅದನ್ನು ನಕಲಿ ಎನ್ನುತ್ತಾರೆ. ನೋವಾ ಏರಿಕೆ ದರವನ್ನು ಒಂದು ವರ್ಷದ ಆರಂಭಕ್ಕೂ ಕೊನೆಗೂ ನಡುವಿನ ವ್ಯತ್ಯಾಸವಾಗಿ, ಋತುಮಾನದ ಏರಿಳಿತ ತೆಗೆದು ಲೆಕ್ಕ ಹಾಕುತ್ತದೆ. ಅದು ಸರಾಸರಿಗಳ ವ್ಯತ್ಯಾಸಕ್ಕೆ ಸಮನಾಗಬೇಕಿಲ್ಲ. ಕಳೆಯುವ ಮೊದಲು ಅಂಕಣದ ವ್ಯಾಖ್ಯೆಯನ್ನು ಓದಬೇಕು.

ಮೂಲಕ್ಕೆ ಹೋದ ಮೇಲೂ ಎಡವುವುದು ಇಂಥಲ್ಲೇ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಸ್ಕ್ರೀನ್‌ಶಾಟ್‌ನಲ್ಲಿ 2024ಕ್ಕೆ 422.8 ಎಂದಿದೆ, ಕಡತದಲ್ಲಿ 424.61 ಇದೆ ಎಂದುಕೊಳ್ಳೋಣ. ಸುಳ್ಳು ಸಿಕ್ಕಿತು ಎನ್ನಿಸುತ್ತದೆ. ಆದರೆ 422.8 ಎಂಬುದು ಅದೇ ನೋವಾ ಲೆಕ್ಕ ಹಾಕುವ ಇಡೀ ಭೂಮಿಯ ಸರಾಸರಿ, 424.61 ಒಂದು ಬೆಟ್ಟದ ಮೇಲಿನ ಸರಾಸರಿ. ವಿಶ್ವ ಹವಾಮಾನ ಸಂಸ್ಥೆ ಬೇರೆ ಬೇರೆ ದೇಶಗಳ ಕೇಂದ್ರಗಳನ್ನು ಸೇರಿಸಿ ಹೇಳುವ ಜಾಗತಿಕ ಅಂಕಿ 423.9. ಮೂರೂ ಸರಿ. ತಾಪಮಾನದಲ್ಲಿ ಈ ಗೊಂದಲ ಇನ್ನೂ ದೊಡ್ಡದು. 2024ರ ಜಾಗತಿಕ ತಾಪಮಾನ ನಾಸಾ ಪ್ರಕಾರ 1.28 ಡಿಗ್ರಿ ಹೆಚ್ಚು, ಯುರೋಪಿನ ಕೊಪರ್ನಿಕಸ್ ಪ್ರಕಾರ 1.6 ಡಿಗ್ರಿ ಹೆಚ್ಚು. ಮೊದಲನೆಯದು 1951–1980ರ ಸರಾಸರಿಗೆ ಹೋಲಿಸಿದ್ದು, ಎರಡನೆಯದು 1850–1900ಕ್ಕೆ. ಸ್ಕ್ರೀನ್‌ಶಾಟ್ ತೆಗೆದಾಗ ಕತ್ತರಿಸಿ ಹೋಗುವುದು ಯಾವುದಕ್ಕೆ ಹೋಲಿಸಿದ್ದು ಎಂದು ಹೇಳುವ ಆ ಒಂದು ಸಾಲೇ.

ಅಡಿಟಿಪ್ಪಣಿಯದ್ದೂ ಇದೇ ಕತೆ. 2022ರ ನವೆಂಬರ್ ಕೊನೆಯಲ್ಲಿ ಮೌನಾ ಲೋವಾ ಜ್ವಾಲಾಮುಖಿ ಸ್ಫೋಟಿಸಿ ವೀಕ್ಷಣಾಲಯದ ಅಳತೆ ನಿಂತಿತು. 2022ರ ಡಿಸೆಂಬರ್‌ನಿಂದ 2023ರ ಜುಲೈ ಆರಂಭದವರೆಗಿನ ಅಂಕಿಗಳು ಉತ್ತರಕ್ಕೆ ಸುಮಾರು 34 ಕಿಲೋಮೀಟರ್ ದೂರದ ಮೌನಾ ಕೆಯಾ ಬೆಟ್ಟದವು. ಕಡತದಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಆ ಟಿಪ್ಪಣಿ ಇಲ್ಲದ ಸ್ಕ್ರೀನ್‌ಶಾಟ್ ಹಿಡಿದು, ಜ್ವಾಲಾಮುಖಿ ಉಗುಳುತ್ತಿದ್ದಾಗ ಅಳೆದ ಅಂಕಿಗಳಿವು ಎಂದು ಯಾರಾದರೂ ವಾದಿಸಿದರೆ, ಚಿತ್ರದಲ್ಲಿ ಒಂದು ಪಿಕ್ಸೆಲ್ ಕೂಡ ಬದಲಾಗದೆಯೇ ಸುಳ್ಳು ಹುಟ್ಟಿಕೊಂಡಿತು.

ಕಾಲದ ಪ್ರಶ್ನೆಯೂ ಇದೆ. ಇತ್ತೀಚಿನ ತಿಂಗಳುಗಳ ಅಂಕಿಗಳು ತಾತ್ಕಾಲಿಕ. ಅಳತೆಗೆ ಬಳಸುವ ಅನಿಲಗಳನ್ನು ಮತ್ತೆ ಪರೀಕ್ಷಿಸಿದ ಮೇಲೆ ಹಳೆಯ ಅಂಕಿಗಳೂ ದಶಮಾಂಶದಲ್ಲಿ ತುಸು ಬದಲಾಗುತ್ತವೆ. ಎರಡು ವರ್ಷದ ಹಿಂದಿನ ಸ್ಕ್ರೀನ್‌ಶಾಟ್ ಇಂದಿನ ಕಡತಕ್ಕಿಂತ 0.03 ಭಿನ್ನವಾಗಿದ್ದರೆ ಅದು ಪರಿಷ್ಕರಣೆ. ಆರ್ಥಿಕ ಅಂಕಿಗಳಲ್ಲಂತೂ ಮೊದಲ ಅಂದಾಜಿಗೂ ಅಂತಿಮ ಅಂಕಿಗೂ ನಡುವಿನ ಅಂತರ ಇದಕ್ಕಿಂತ ಬಹಳ ದೊಡ್ಡದಿರುತ್ತದೆ. ಹಾಗಾಗಿ ಹೋಲಿಸಬೇಕಾದದ್ದು ಸ್ಕ್ರೀನ್‌ಶಾಟ್ ತೆಗೆದ ದಿನ ಮೂಲ ಹೇಗಿತ್ತು ಎಂಬುದರೊಂದಿಗೆ. ಇದಕ್ಕೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಇದೆ. `web.archive.org`ನಲ್ಲಿ ಪುಟದ ವಿಳಾಸ ಕೊಟ್ಟರೆ ಹಿಂದೆ ಉಳಿಸಿಟ್ಟ ಪ್ರತಿಗಳು ದಿನಾಂಕದೊಂದಿಗೆ ಸಿಗುತ್ತವೆ. ಎಲ್ಲ ಪುಟಗಳೂ ಉಳಿದಿರುವುದಿಲ್ಲ, ಕ್ಲಿಕ್ ಮಾಡಿದರೆ ಬದಲಾಗುವ ನಕ್ಷೆಗಳು ಅಲ್ಲಿ ಅನೇಕ ಸಲ ಖಾಲಿಯಾಗಿ ತೆರೆದುಕೊಳ್ಳುತ್ತವೆ. ಅಮೆರಿಕದ ಆರ್ಥಿಕ ಅಂಕಿಗಳಿಗೆ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಆಲ್ಫ್ರೆಡ್ ಎಂಬ ಸಂಗ್ರಹವಿದೆ. ಯಾವ ದಿನ ಯಾವ ಅಂಕಿ ಪ್ರಕಟವಾಗಿತ್ತು ಎಂಬುದನ್ನು ಅದು ಪದರ ಪದರವಾಗಿ ಉಳಿಸಿದೆ.

ದಿನಾಂಕ ಸಹಿತ ಸಂಗ್ರಹದ ಬಲ ಎಷ್ಟೆಂಬುದನ್ನು 2019ರ ಸೆಪ್ಟೆಂಬರ್ 4ರ ಘಟನೆ ತೋರಿಸುತ್ತದೆ. ಅಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಡೋರಿಯನ್ ಚಂಡಮಾರುತದ ಮುನ್ಸೂಚನೆಯ ನಕ್ಷೆಯನ್ನು ಮಾಧ್ಯಮಗಳಿಗೆ ತೋರಿಸಿದರು. ಅದರಲ್ಲಿ ಅಲಬಾಮಾದ ಮೇಲೆ ಕಪ್ಪು ಮಾರ್ಕರಿನ ಒಂದು ಸುತ್ತು ಹೆಚ್ಚುವರಿಯಾಗಿ ಸೇರಿತ್ತು. ರಾಷ್ಟ್ರೀಯ ಚಂಡಮಾರುತ ಕೇಂದ್ರವು ತಾನು ಹೊರಡಿಸುವ ಪ್ರತಿ ಪ್ರಕಟಣೆಯ ನಕ್ಷೆಯನ್ನೂ ಕ್ರಮಸಂಖ್ಯೆಯೊಂದಿಗೆ ಉಳಿಸಿಡುತ್ತದೆ. ಹಾಗಾಗಿ ಆ ನಕ್ಷೆ ಆಗಸ್ಟ್ 29ರದ್ದು ಎಂದು ಗುರುತಿಸಿ, ಮೂಲವನ್ನು ಪಕ್ಕದಲ್ಲಿಟ್ಟು, ಆ ಸುತ್ತು ಮೂಲದಲ್ಲಿ ಇರಲಿಲ್ಲ ಎಂದು ತೋರಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಾರ್ಕರಿನ ಗೆರೆ ಎದ್ದು ಕಾಣುತ್ತಿತ್ತು ನಿಜ, ಆದರೆ ಮಾತು ಇತ್ಯರ್ಥವಾದದ್ದು ಮೂಲದಿಂದ.

ಮೂಲಕ್ಕೆ ಹೊಂದಿದ ಮಾತ್ರಕ್ಕೆ ನಕ್ಷೆ ನೇರವಾಗಿದೆ ಎಂದೂ ಅಲ್ಲ. 2020ರ ಮೇ ತಿಂಗಳಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆ ಪ್ರಕಟಿಸಿದ ಕೋವಿಡ್ ಸ್ತಂಭನಕ್ಷೆಯಲ್ಲಿ ದಿನಾಂಕಗಳು ಕಾಲಾನುಕ್ರಮದಲ್ಲಿ ಇರಲಿಲ್ಲ. ಕಂಬಗಳು ಇಳಿಯುತ್ತ ಹೋಗುವಂತೆ ಜೋಡಿಸಲಾಗಿತ್ತು. ಅದರ ಸ್ಕ್ರೀನ್‌ಶಾಟ್ ನೋಡಿ ಯಾರೋ ತಿದ್ದಿದ್ದಾರೆ ಎಂದುಕೊಂಡವರು ಮೂಲದಲ್ಲೂ ಹಾಗೆಯೇ ಇರುವುದನ್ನು ಕಂಡರು. ಇಲಾಖೆ ಆಮೇಲೆ ಅದನ್ನು ಸರಿಪಡಿಸಿತು. ಸ್ಕ್ರೀನ್‌ಶಾಟ್ ನಿಜವೇ ಎಂಬುದೂ ನಕ್ಷೆ ಸರಿಯೇ ಎಂಬುದೂ ಎರಡು ಪ್ರಶ್ನೆಗಳು, ಉತ್ತರಗಳನ್ನು ಬೇರೆ ಬೇರೆಯಾಗಿಯೇ ಬರೆಯಬೇಕು.

ಬರೆಯುವಾಗ ಪದಗಳಲ್ಲೂ ಎಚ್ಚರ ಬೇಕು. ಯಾರು ತಿದ್ದಿದರು, ಬೇಕೆಂದೇ ತಿದ್ದಿದರೇ ಎಂಬುದನ್ನು ಚಿತ್ರ ಹೇಳುವುದಿಲ್ಲ. ನಮಗೆ ಕಳಿಸಿದವರು ಅದನ್ನು ನಂಬಿಯೇ ಕಳಿಸಿರಬಹುದು. ನನ್ನ ಉದಾಹರಣೆಯ ಚಿತ್ರಕ್ಕೆ ನಾನು ಕೊಡುವ ಉತ್ತರ ಹೀಗಿರುತ್ತದೆ: ‘ಈ ನಕ್ಷೆಯಲ್ಲಿ 2024ಕ್ಕೆ 420.61 ಎಂದಿದೆ. ನೋವಾದ ವಾರ್ಷಿಕ ಕಡತದಲ್ಲಿ 424.61 ಇದೆ, ತಿಂಗಳವಾರು ಕಡತದ ಹನ್ನೆರಡು ಅಂಕಿಗಳ ಸರಾಸರಿಯೂ ಅದೇ. ಆ ವರ್ಷದ ಅತಿ ಕಡಿಮೆ ತಿಂಗಳು 422.03. ಉಳಿದ ನಾಲ್ಕು ವರ್ಷಗಳ ಅಂಕಿಗಳು ಮೂಲಕ್ಕೆ ಹೊಂದುತ್ತವೆ.’ ಇದರ ಜೊತೆಗೆ ಎರಡೂ ಕಡತಗಳ ವಿಳಾಸ, ನಾನು ಅವನ್ನು ಇಳಿಸಿಕೊಂಡ ದಿನಾಂಕ. ಆ ಪುಟಗಳನ್ನು ಅಂದೇ ವೇಬ್ಯಾಕ್ ಮಷೀನ್‌ಗೂ ಸೇರಿಸಿಡುತ್ತೇನೆ, ಏಕೆಂದರೆ ಮುಂದಿನ ಪರಿಷ್ಕರಣೆಯಲ್ಲಿ 424.61 ಕೂಡ ದಶಮಾಂಶದಲ್ಲಿ ತುಸು ಸರಿಯಬಹುದು. ಆಗ ನನ್ನ ಉತ್ತರವನ್ನು ತಾಳೆ ನೋಡುವವರಿಗೆ ನಾನು ನೋಡಿದ ಕಡತವೇ ಸಿಗಬೇಕು.